ಷೇರು ಸರ್ಟಿಫಿಕೇಟಿನ ಮೂಲೆಯಲ್ಲಿರುವ ಅಂಕಿಗಳು

ಲೆಕ್ಕಪರಿಶೋಧಕನಾದ ನನ್ನ ಬಳಿಗೆ ಕಳೆದ ವರ್ಷ ಒಬ್ಬ ಅಮ್ಮ ತೀರಿಹೋದ ಗಂಡನ ಕಾಗದಗಳನ್ನು ತಂದರು. ಒಂದು ಸಹಕಾರಿ ಬ್ಯಾಂಕಿನ ಷೇರು ಸರ್ಟಿಫಿಕೇಟು, ಎರಡು ಲಕ್ಷದ ಠೇವಣಿ ರಸೀದಿ. "ಎಲ್ಲಾ ಸರಿ ಇದೆ ಅಲ್ವಾ ಸಾರ್?" ಎಂದರು.

ಸರ್ಟಿಫಿಕೇಟಿನಲ್ಲಿ 50 ಷೇರು, ತಲಾ ನೂರು ರೂಪಾಯಿ, ಒಟ್ಟು 5,000 ಎಂದಿತ್ತು. ಗುಣಾಕಾರ ಸರಿಯೇ. ಆದರೆ ಷೇರುಗಳ ಕ್ರಮಸಂಖ್ಯೆ 18,451ರಿಂದ 18,490. ಕೊನೆಯದರಿಂದ ಮೊದಲನೆಯದನ್ನು ಕಳೆದು ಒಂದು ಸೇರಿಸಿ: 40 ಬರುತ್ತದೆ. ಬೆಳಕಿಗೆ ಹಿಡಿದಾಗ ನಾಲ್ಕನ್ನು ಐದು ಮಾಡಿದ ಗುರುತು ಕಂಡಿತು. ಪಕ್ಕದಲ್ಲಿ ತಿದ್ದಿದವರ ಸಹಿ ಇರಲಿಲ್ಲ. ಬ್ಯಾಂಕಿನ ಷೇರು ರಿಜಿಸ್ಟರ್ ತೆಗೆಸಿದೆವು. ಸಾಲ ಪಡೆಯುವಾಗ ಯಜಮಾನರು ಇನ್ನೂ ಹತ್ತು ಷೇರು ಕೊಂಡಿದ್ದರು. ಅವುಗಳ ಕ್ರಮಸಂಖ್ಯೆಯೇ ಬೇರೆ. ಅದಕ್ಕೆ ಬೇರೆ ಸರ್ಟಿಫಿಕೇಟು ಕೊಡುವ ಬದಲು ಯಾರೋ ಹಳೆಯದನ್ನೇ ತಿದ್ದಿಬಿಟ್ಟಿದ್ದರು. ದುಡ್ಡು ಹೋಗಿರಲಿಲ್ಲ, ಸದ್ಯ. ಆದರೆ ತಿದ್ದಿದ ಕಾಗದಕ್ಕೆ ಬೆಲೆಯಿಲ್ಲ. ರಿಜಿಸ್ಟರ್ ಪ್ರಕಾರ ಹೊಸ ಸರ್ಟಿಫಿಕೇಟು ಕೇಳಿ ಅರ್ಜಿ ಕೊಡಿಸಿದೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ಸದಸ್ಯ ಸಂಖ್ಯೆ. ಸರ್ಟಿಫಿಕೇಟಿನಲ್ಲಿ 2174, ರಸೀದಿಯಲ್ಲಿ 2147. ಕಂಪ್ಯೂಟರಿನಲ್ಲಿ ಠೇವಣಿ ಬೇರೊಬ್ಬ ಸದಸ್ಯರ ಸಂಖ್ಯೆಗೆ ಜೋಡಣೆಯಾಗಿತ್ತು. ಆ ಸದಸ್ಯರು ಸಾಲ ಕಟ್ಟದಿದ್ದರೆ ಬ್ಯಾಂಕು ಈ ಠೇವಣಿಯನ್ನೇ ತಡೆಹಿಡಿಯಬಹುದಿತ್ತು. ರಸೀದಿಯಲ್ಲಿ ಹೆಸರು ಸರಿಯಿದೆ ಎಂದು ಸುಮ್ನಿದ್ದುಬಿಡಬೇಡಿ. ಸದಸ್ಯ ಸಂಖ್ಯೆ, ಗ್ರಾಹಕ ಐಡಿ, ಠೇವಣಿ ಖಾತೆ ಸಂಖ್ಯೆ ಮೂರೂ ಬೇರೆ ಬೇರೆ. ರಸೀದಿಯಲ್ಲಿ ಯಾವುದು ಅಚ್ಚಾಗಿದೆ ಎಂದು ಮೊದಲು ತಿಳಿದುಕೊಂಡು, ಆಮೇಲೆ ತಾಳೆ ನೋಡಿ.

ರಸೀದಿಯ ಮೊತ್ತವನ್ನೂ ನೋಡಿದೆ. ಎರಡು ಲಕ್ಷ, ಶೇ. 8 ಬಡ್ಡಿ, ಎರಡು ವರ್ಷ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿದರೆ 2,34,332 ಆಗಬೇಕು, ಅಷ್ಟೇ ಇತ್ತು. ಅಕ್ಷರದಲ್ಲಿ ಬರೆದದ್ದೂ ಹೊಂದಿತು.

ಸಹಿಯ ವಿಷಯ ಹಾಗಿರಲಿಲ್ಲ. ರಸೀದಿಯ ನಮೂನೆಯಲ್ಲಿ ಎರಡು ಸಹಿಗೆ ಜಾಗವಿತ್ತು, ಒಂದೇ ಸಹಿ ಇತ್ತು. ಅದರ ಕೆಳಗೆ ಹೆಸರಿಲ್ಲ, ಹುದ್ದೆಯ ಸೀಲಿಲ್ಲ. ಹೀಗಿದ್ದಾಗ ಸಹಿ ಯಾರದು, ಆ ದಿನ ಅವರು ಆ ಹುದ್ದೆಯಲ್ಲಿದ್ದರೇ ಎಂದು ಶಾಖೆಯಲ್ಲಿ ಕೇಳಲೇಬೇಕು. ಆದರೂ ಸಹಿಗಿಂತ ಗಟ್ಟಿ ಸಾಕ್ಷಿ ಲೆಡ್ಜರ್. ರಸೀದಿ ಬರೆದುಕೊಟ್ಟು ಹಣವನ್ನು ಖಾತೆಗೇ ತೋರಿಸದ ಮೋಸಗಳಲ್ಲಿ ಸಹಿ, ಸೀಲು ಎರಡೂ ಚೆನ್ನಾಗಿಯೇ ಇರುತ್ತವೆ. ಹಾಗಾಗಿ ಠೇವಣಿ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಯಜಮಾನರ ಉಳಿತಾಯ ಖಾತೆಯ ಪಾಸ್‌ಬುಕ್ ಪಕ್ಕದಲ್ಲಿಟ್ಟೆ. ಒಂದೇ ದಿನ ಇಲ್ಲಿಂದ ಎರಡು ಲಕ್ಷ ಹೋಗಿ ಅಲ್ಲಿ ಜಮೆಯಾಗಿತ್ತು. ಆಗ ನಿರಾಳವಾಯಿತು.

ಇನ್ನೊಂದು ಮಾತು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯಿದೆ, ಷೇರು ಹಣಕ್ಕಿಲ್ಲ. ಪತ್ತಿನ ಸಹಕಾರ ಸಂಘದ ಠೇವಣಿಗೂ ಈ ವಿಮೆಯಿಲ್ಲ. ಅದಕ್ಕೇ ರಸೀದಿಯ ತಲೆಬರಹದಲ್ಲಿ ಬ್ಯಾಂಕ್ ಎಂದಿದೆಯೋ, ಸಂಘ ಎಂದಿದೆಯೋ ಎಂಬುದನ್ನೂ ಆ ಅಮ್ಮನಿಗೆ ಬೆರಳಿಟ್ಟು ತೋರಿಸಿದೆ.