ರಾಜೀನಾಮೆ ಬರೆದುಕೊಡಿ ಎಂದಾಗ

ಮಾರ್ಚ್ ಬಂತೆಂದರೆ ಕಲಬುರಗಿಯ ಖಾಸಗಿ ಶಾಲೆಗಳ ಶಿಕ್ಷಕರು ನನ್ನ ವಕೀಲಿ ಕಚೇರಿಯ ಮೆಟ್ಟಿಲು ಹತ್ತತೊಡಗುತ್ತಾರೆ. ಆಡಳಿತ ಮಂಡಳಿ ಹೆದರಿಸುವುದೆಲ್ಲ ಬಾಯಿಮಾತಿನಲ್ಲೇ. ಬೇಸಿಗೆಯಲ್ಲಿ ಮನೆಮನೆ ತಿರುಗಿ ಮಕ್ಕಳನ್ನು ಸೇರಿಸದಿದ್ದರೆ ಜೂನ್‌ನಲ್ಲಿ ಬರಬೇಡಿ ಎಂಬುದಕ್ಕೂ ಕಾಗದವಿಲ್ಲ. ಕಾಗದ ಬೇಕಾಗುವುದು ರಾಜೀನಾಮೆಗೆ ಮಾತ್ರ, ಅದನ್ನು ಶಿಕ್ಷಕರ ಕೈಯಲ್ಲೇ ಬರೆಸಿಕೊಳ್ಳುತ್ತಾರೆ.

ಇದು ಸುಮ್ಮನೆ ಅಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಮಿನ ಪ್ರಕಾರ ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಕಲಮಿನಡಿ ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಮಂಡಳಿಯಾಗಿ ಕೂರುತ್ತಾರೆ. ತಾವಾಗಿಯೇ ಬಿಟ್ಟುಹೋದರೆಂದು ಕಾಗದ ಹೇಳಿದರೆ ವಜಾ ಎಂಬ ಮಾತೇ ಏಳುವುದಿಲ್ಲ. ಕಾರ್ಮಿಕ ನ್ಯಾಯಾಲಯಕ್ಕೆ ಹೋಗೋಣವೆಂದರೆ, ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ರಾಜ್ಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಏಳು ವರ್ಷ ಗಣಿತ ಕಲಿಸಿದ ಶಿಕ್ಷಕಿಯೊಬ್ಬರ ಸಂಬಳ 14,000 ರೂಪಾಯಿ. “ಮುಂದಿನ ವರ್ಷ ಹನ್ನೆರಡು ಸಾವಿರ. ಒಪ್ಪದಿದ್ದರೆ ರಾಜೀನಾಮೆ ಕೊಟ್ಟುಬಿಡಿ ಮೇಡಂ” ಎಂದರು ಕಾರ್ಯದರ್ಶಿ. ನೇಮಕಾತಿ ಪತ್ರವನ್ನೇ ಆಕೆಗೆ ಕೊಟ್ಟಿರಲಿಲ್ಲ. ಮನೆಯಲ್ಲಿ ಯೋಚಿಸಿ ಹೇಳುತ್ತೇನೆಂದು ಸಹಿ ಹಾಕದೆ ಬಂದದ್ದು ಆಕೆಯ ಜಾಣತನ. ಅಂದು ಸಂಜೆಯೇ ಪತ್ರ ಬರೆಸಿದೆ: “ಈ ದಿನ ತಮ್ಮ ಕೊಠಡಿಯಲ್ಲಿ ಸಂಬಳ ಕಡಿತ ಇಲ್ಲವೇ ರಾಜೀನಾಮೆ ಎಂದು ತಿಳಿಸಿದಿರಿ. ಎರಡಕ್ಕೂ ನನ್ನ ಒಪ್ಪಿಗೆ ಇಲ್ಲ. ಕರ್ತವ್ಯ ಮುಂದುವರಿಸಲು ಸಿದ್ಧಳಿದ್ದೇನೆ.” ಬೈಗುಳವಿಲ್ಲ, ಕಾನೂನಿನ ಬೆದರಿಕೆಯೂ ಇಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಾರ್ಯದರ್ಶಿಗೆ, ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಈ ಅಧಿಕಾರಿ ಕೆಲಸ ಉಳಿಸಿಕೊಡುತ್ತಾರೆಂದಲ್ಲ. ಆ ಕಚೇರಿಯ ಸ್ವೀಕೃತಿ ಮುದ್ರೆ ನಾಳೆ ಸಾಕ್ಷಿಯಾಗುತ್ತದೆ.

ನೇಮಕಾತಿ ಪತ್ರದ ಬದಲಿಗೆ ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೋ, ಆಕೆ ಸಹಿ ಮಾಡಿದ ಅಂಕಪಟ್ಟಿಗಳು, ಶಾಲೆಯೇ ಸರ್ಕಾರಕ್ಕೆ ಸಲ್ಲಿಸಿದ ಶಿಕ್ಷಕರ ವಿವರ ಸಾಕಾದವು. “ಇಷ್ಟಕ್ಕೆಲ್ಲ ಪತ್ರ ಯಾಕೆ ಮೇಡಂ?” ಎಂದು ಕಾರ್ಯದರ್ಶಿಯ ಫೋನ್ ಬಂತು. ಸಂಬಳ ಕಡಿತವಾಗಲಿಲ್ಲ, ಆ ವರ್ಷ ಒಂದು ರೂಪಾಯಿ ಹೆಚ್ಚಲೂ ಇಲ್ಲ.

ಎಲ್ಲರಿಗೂ ಇದು ಇಷ್ಟು ಸಲೀಸಲ್ಲ. ಒಂದು ವರ್ಷದ ಅವಧಿಗೆಂದೇ ಸಹಿ ಮಾಡಿದವರಿಗೆ ನವೀಕರಣ ನಿರಾಕರಿಸಿದರೆ ಅದು ವಜಾ ಎಂದು ಸಾಧಿಸುವುದು ಕಷ್ಟ. ಸಿಬಿಎಸ್‌ಇ ಶಾಲೆಗಳಿಗೆ ಈ ಕಾಯ್ದೆ ಎಷ್ಟು ಅನ್ವಯಿಸುತ್ತದೆ ಎಂಬುದೇ ಮೊದಲ ತಕರಾರಾಗುತ್ತದೆ. ಬರೀ ಸಂಬಳ ಬಾಕಿಯಾದರೆ ಸಿವಿಲ್ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ.

ಒತ್ತಡದಲ್ಲಿ ಈಗಾಗಲೇ ರಾಜೀನಾಮೆಗೆ ಸಹಿ ಹಾಕಿದ್ದರೆ, ಆಡಳಿತ ಮಂಡಳಿ ಅದನ್ನು ಅಂಗೀಕರಿಸುವ ಮೊದಲೇ ಹಿಂಪಡೆದಿದ್ದೇನೆಂದು ಬರೆದು ಕಳುಹಿಸಬೇಕು, ಸಾಧ್ಯವಾದರೆ ಅದೇ ದಿನ. ಜೂನ್‌ನಲ್ಲಿ ಗೇಟಿನ ಬಳಿಯೇ ತಡೆದರೆ ಆ ದಿನವೇ ಇನ್ನೊಂದು ಪತ್ರ ಹೋಗಲಿ. “ದಸರಾ ಆದ ಮೇಲೆ ನೋಡೋಣ” ಎಂಬ ಸಮಾಧಾನದ ಮಾತಿಗೆ ಕಾಯುತ್ತ ಕುಳಿತರೆ ಮೂರು ತಿಂಗಳು ಅಷ್ಟರಲ್ಲಿ ಮುಗಿದಿರುತ್ತದೆ.