ಮೂರನೇ ತಿಂಗಳಲ್ಲಿ ಬಿಪಿ 96/60: ತಲೆ ಸುತ್ತಿದರೆ ಯಾವಾಗ ತೋರಿಸಬೇಕು?

ಪ್ರಶ್ನೆ: ನನಗೀಗ ಒಂಬತ್ತನೇ ವಾರ. ಮೊದಲೆಲ್ಲ ಬಿಪಿ 110/70ರ ಆಸುಪಾಸಿನಲ್ಲಿ ಇರುತ್ತಿತ್ತು. ಮೊನ್ನೆ ತಾಯಿ ಕಾರ್ಡಿನಲ್ಲಿ 96/60 ಅಂತ ಬರೆದುಕೊಟ್ಟರು. ಬೆಳಗ್ಗೆ ಸ್ನಾನ ಮುಗಿಸಿ ಹೊರಗೆ ಬಂದರೆ ಕಣ್ಣು ಕತ್ತಲೆ ಬರುತ್ತದೆ. ಉಪ್ಪಿನಕಾಯಿ ಜಾಸ್ತಿ ತಿನ್ನು, ಸರಿಹೋಗುತ್ತೆ ಅಂತಾರೆ ಅತ್ತೆ. ಮಗುವಿಗೆ ಏನಾದರೂ ತೊಂದರೆ ಆಗುತ್ತಾ?

ಉತ್ತರ: ಈ ಅಂಕಿಯೊಂದರಿಂದಲೇ ಮಗುವಿಗೆ ತೊಂದರೆ ಆಗುವುದಿಲ್ಲ. ಸಾಮಾನ್ಯವಾಗಿ 90/60ಕ್ಕಿಂತ ಕೆಳಗೆ ಬಂದರೆ ಲೋ ಬಿಪಿ ಅನ್ನುತ್ತಾರೆ. ಅಲ್ಲಿಗೆ ಇಳಿದರೂ ಕೆಲವರು ಆರಾಮವಾಗಿಯೇ ಇರುತ್ತಾರೆ. ಹಾಗಾಗಿ ಅಂಕಿಯ ಜೊತೆಗೆ ನಿಮಗೆ ಹೇಗನ್ನಿಸುತ್ತಿದೆ ಅನ್ನುವುದನ್ನೂ ನೋಡಬೇಕು.

ಗರ್ಭ ನಿಂತ ಕೆಲವೇ ವಾರಗಳಲ್ಲಿ ಪ್ರೊಜೆಸ್ಟರಾನ್‌ನಂಥ ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ಮಗುವಿಗೆ ಬೇಕಾಗುವ ರಕ್ತವೂ ಹೆಚ್ಚುತ್ತದೆ, ಆದರೆ ನಿಧಾನವಾಗಿ, ತಿಂಗಳುಗಟ್ಟಲೆ. ಪೈಪು ಮೊದಲೇ ಅಗಲವಾಯಿತು, ನೀರು ಇನ್ನೂ ಬರುತ್ತಿದೆ ಅನ್ನುವ ಸ್ಥಿತಿ ಇದು. ಒತ್ತಡ ಇಳಿಯದೆ ಇರುತ್ತದಾ? ಐದನೇ, ಆರನೇ ತಿಂಗಳ ಹೊತ್ತಿಗೆ ಬಿಪಿ ಇನ್ನಷ್ಟು ಇಳಿಯಬಹುದು. ಆಮೇಲೆ ಮೆಲ್ಲಗೆ ಏರಿ, ಹೆರಿಗೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬರುತ್ತದೆ.

ಸ್ನಾನದ ನಂತರವೇ ಯಾಕೆ? ಬಿಸಿನೀರಿಗೆ ಚರ್ಮದ ರಕ್ತನಾಳಗಳು ಇನ್ನೂ ಹಿಗ್ಗುತ್ತವೆ. ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ರಾತ್ರಿಯಿಂದ ಹೊಟ್ಟೆ ಖಾಲಿ, ಅದರ ಮೇಲೆ ವಾಂತಿ ಬೇರೆ. ಎಲ್ಲ ಸೇರಿ ಮಿದುಳಿಗೆ ಒಂದೆರಡು ಕ್ಷಣ ರಕ್ತ ಸಾಲದೆ ಹೋಗುತ್ತದೆ. ಅದಕ್ಕೇ ಏಳುವ ಮುಂಚೆ ಒಂದೆರಡು ಬಿಸ್ಕತ್ತು ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ಎದ್ದೇಳಿ. ಉಗುರು ಬೆಚ್ಚಗಿನ ನೀರಿನಲ್ಲಿ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ಬಚ್ಚಲ ಬಾಗಿಲಿಗೆ ಚಿಲಕ ಹಾಕಬೇಡಿ. ಕಣ್ಣು ಕತ್ತಲೆ ಬಂದ ಕೂಡಲೇ ನಿಂತ ಜಾಗದಲ್ಲೇ ಕೂತುಬಿಡಿ, ಸಾಧ್ಯವಾದರೆ ಮಲಗಿ. ಬೀಳುವುದರಿಂದ ಆಗುವ ಪೆಟ್ಟೇ ಇಲ್ಲಿ ದೊಡ್ಡ ಅಪಾಯ.

ಅತ್ತೆಯವರ ಮಾತಿನಲ್ಲಿ ಕಾಳಜಿ ಇದೆ, ಆದರೆ ಉಪ್ಪಿನಕಾಯಿ ಮದ್ದಲ್ಲ. ಖಾರ, ಹುಳಿಗೆ ಎದೆ ಉರಿ ಬಂದು ವಾಂತಿ ಜಾಸ್ತಿಯಾದರೆ ಇದ್ದ ನೀರೂ ಹೋಗುತ್ತದೆ. ಅಡುಗೆಯಲ್ಲಿ ಹಾಕುವಷ್ಟು ಉಪ್ಪು ಸಾಕು. ತೆಳು ಮಜ್ಜಿಗೆ, ಗಂಜಿ ಒಳ್ಳೆಯದು. ವಾಂತಿ ಜಾಸ್ತಿ ಇದ್ದರೆ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಇಷ್ಟು ಮಾಡಿದರೂ ತಲೆಸುತ್ತು ಹೋಗದಿದ್ದರೆ ಆಸ್ಪತ್ರೆಯಲ್ಲಿ ಮಲಗಿ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಲು ಹೇಳಿ. ಮಲಗಿದ್ದಾಗ 98/60, ನಿಂತಾಗ 94/60 ಬಂದರೆ ಹೆದರಬೇಕಿಲ್ಲ. ನಿಂತ ಕೂಡಲೇ 76/50ಕ್ಕೆ ಇಳಿದು, ನಾಡಿ 84ರಿಂದ 116ಕ್ಕೆ ಏರಿದರೆ ಮೈಯಲ್ಲಿ ನೀರು ಸಾಲದು ಅಂತಲೇ ಸಂಶಯ ಪಡಬೇಕು. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಡಾಕ್ಟರು ಕಾರಣ ಹುಡುಕುತ್ತಾರೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಈ ತಿಂಗಳುಗಳಲ್ಲಿ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ಬಿಪಿ ಸರಿಯಿದ್ದರೂ ತಲೆ ಸುತ್ತಬಹುದು. ಕುಡಿದದ್ದು ಯಾವುದೂ ನಿಲ್ಲದೆ, ಮೂತ್ರ ಗಾಢ ಹಳದಿಯಾಗಿ, ಏಳೆಂಟು ಗಂಟೆ ಮೂತ್ರವೇ ಬರದಿದ್ದರೆ ಅವತ್ತೇ ಹೋಗಿ. ಡ್ರಿಪ್ ಬೇಕಾಗಬಹುದು.

ಈಗ ನಾನು ನಿಮ್ಮನ್ನು ಕೇಳಬೇಕಾದ ಮುಖ್ಯ ಪ್ರಶ್ನೆ: ಸ್ಕ್ಯಾನ್ ಆಗಿದೆಯಾ? ಮಗು ಗರ್ಭಕೋಶದ ಒಳಗೇ ಇದೆ ಅಂತ ಅದರಲ್ಲಿ ಕಂಡಿದೆಯಾ? ಕೆಲವೊಮ್ಮೆ ಗರ್ಭ ಹೊರಗೆ, ಬಹುಪಾಲು ಗರ್ಭನಾಳದಲ್ಲಿ, ನಿಲ್ಲುತ್ತದೆ. ಬೆಳೆಯುತ್ತಾ ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಒಂದಿಷ್ಟು ಕಲೆ ಮಾತ್ರ ಕಾಣಬಹುದು, ಅದೂ ಕಾಣದಿರಬಹುದು. ಹೀಗಾಗಿ ರಕ್ತಸ್ರಾವ ಇಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದೇ ಪಕ್ಕದಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಣ್ಣನೆ ಬೆವರು, ಎದ್ದರೆ ಬೀಳುವಂಥ ಸುಸ್ತು: ತಲೆಸುತ್ತಿನ ಜೊತೆ ಇವುಗಳಲ್ಲಿ ಯಾವುದಿದ್ದರೂ ಓಆರ್‌ಎಸ್ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಮತ್ತು ಆಪರೇಷನ್ ಎರಡೂ ಇರುವ ಆಸ್ಪತ್ರೆಗೇ ಹೋಗಿ. ಸ್ಕ್ಯಾನ್ ಇನ್ನೂ ಆಗಿಲ್ಲದಿದ್ದರೆ, ನೋವು ಇಲ್ಲದಿದ್ದರೂ ಈ ವಾರವೇ ಮಾಡಿಸಿ.

ಜಾಸ್ತಿ ರಕ್ತಸ್ರಾವವಾದರೆ, ಪೂರ್ತಿ ಎಚ್ಚರ ತಪ್ಪಿದರೆ, ತಲೆಸುತ್ತಿನ ಜೊತೆ ಎದೆನೋವು ಅಥವಾ ಉಸಿರು ಕಟ್ಟಿದಂತೆ ಆದರೆ, ಮಲಗಿದ್ದಾಗಲೂ ಎದೆ ಡವಡವ ಅಂದು ತಲೆ ಸುತ್ತಿದರೆ ಸ್ಕ್ಯಾನ್ ಸರಿಯಿದ್ದರೂ ತಕ್ಷಣ ತೋರಿಸಬೇಕು. ಮೊದಲಿನಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇಂಥ ಅಂಕಿ ಕಂಡರೆ ಅವತ್ತೇ ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗೆ ಆಗದ ಬಿಪಿ ಮಾತ್ರೆಗಳೂ ಇವೆ, ಡೋಸ್ ಬದಲಿಸುವುದೋ ಮಾತ್ರೆ ಬದಲಿಸುವುದೋ ಅವರೇ ತೀರ್ಮಾನಿಸುತ್ತಾರೆ.