ಕಿವುಡ ಯುವತಿಯ ಮದುವೆ: ಒಪ್ಪಿಗೆ ಕೇಳಬೇಕಾದ ಬಗೆ

ಹುಟ್ಟಿನಿಂದ ಕಿವಿ ಕೇಳದ ಮಕ್ಕಳನ್ನು ಕರೆತರುವ ಹೆತ್ತವರು, ಮಗು ಚಿಕ್ಕದಿದ್ದಾಗ ಮಾತು ಬರುತ್ತದೆಯೇ ಎಂದು ಕೇಳುತ್ತಾರೆ. ಅದೇ ಮಗುವಿಗೆ 25 ದಾಟಿದ ಮೇಲೆ, ಇವರಿಗೆ ಹುಟ್ಟುವ ಮಕ್ಕಳಿಗೂ ಹೀಗೇ ಆಗುತ್ತದೆಯೇ ಎಂದು ಕೇಳುತ್ತಾರೆ. ಈ ಎರಡನೆಯದು ವೈದ್ಯಕೀಯ ಪ್ರಶ್ನೆಯಂತೆ ಕಂಡರೂ ಅದರ ಹಿಂದೆ ಸಾಮಾನ್ಯವಾಗಿ ಮನೆಯವರು ಆಗಲೇ ಗೊತ್ತುಮಾಡಿಕೊಂಡ ಸಂಬಂಧವೋ, ಹೇಗಾದರೂ ತಪ್ಪಿಸಬೇಕೆಂದಿರುವ ಸಂಬಂಧವೋ ಇರುತ್ತದೆ. ಶ್ರವಣ ತಜ್ಞೆಯಾಗಿ ನಾನು ಕೊಡುವ ಉತ್ತರ ಆ ತೀರ್ಮಾನಕ್ಕೆ ಮೊಹರಾಗುವ ಅಪಾಯ ಇರುವುದರಿಂದ, ಉತ್ತರಿಸುವ ಮೊದಲು ಪ್ರಶ್ನೆ ಯಾರದು ಎಂದು ವಿಚಾರಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬಿಡಿಸಿ ಹೇಳುತ್ತೇನೆ.

ಯುವತಿಗೆ 26 ವರ್ಷ. ಎರಡೂ ಕಿವಿಗಳಲ್ಲಿ ತೀವ್ರತರ ಶ್ರವಣದೋಷ. ವಸತಿಶಾಲೆಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಮೈಸೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಡಿಪ್ಲೊಮಾ ದಿನಗಳಿಂದಲೂ ಒಬ್ಬ ಸ್ನೇಹಿತನಿದ್ದಾನೆ. ಅವನಿಗೂ ಕಿವಿ ಕೇಳದು, ಆದರೆ ಅವನದು ಹುಟ್ಟಿನಿಂದ ಬಂದದ್ದಲ್ಲ. 3ನೇ ವಯಸ್ಸಿನಲ್ಲಿ ಬಂದ ಮೆದುಳುಜ್ವರದಿಂದ ಹೋದ ಶ್ರವಣಶಕ್ತಿ. ಇಬ್ಬರೂ ಮದುವೆಯಾಗಬೇಕೆಂದಿದ್ದಾರೆ. ಮನೆಯವರು ಮಾತ್ರ ಅವಳನ್ನು ತಾಯಿಯ ತಮ್ಮನಿಗೆ, ಅಂದರೆ ಸೋದರಮಾವನಿಗೆ ಕೊಡಬೇಕೆಂದು ಮಾತಾಡಿಕೊಂಡಿದ್ದರು. ತಾಯಿ ನನ್ನೆದುರು ಕುಳಿತು ಹೇಳಿದ್ದು ಇಷ್ಟು: "ಇಬ್ಬರಿಗೂ ಕೇಳಿಸಲ್ಲ ಅಂದ್ರೆ ಮಗೂಗೂ ಕೇಳಿಸಲ್ಲ ಅಲ್ವಾ ಮೇಡಂ? ಅದನ್ನ ನೀವೇ ಅವಳಿಗೆ ತಿಳಿಸಿ ಹೇಳಿ. ನನ್ನ ತಮ್ಮನಿಗಾದ್ರೆ ಎಲ್ಲಾ ಸರಿಯಿದೆ, ಇವಳೂ ಹೂಂ ಅಂದಿದ್ದಾಳೆ."

ಆ "ಹೂಂ" ಹೇಗೆ ಬಂತೆಂದು ವಿಚಾರಿಸಿದೆ. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರೆಲ್ಲ ಕುಳಿತಿದ್ದ ನಡುಮನೆಯಲ್ಲಿ ಅಣ್ಣ ಅವಳ ಕಡೆ ತಿರುಗಿ, ಮಾವನನ್ನು ತೋರಿಸಿ, ಕತ್ತಿನ ಹತ್ತಿರ ತಾಳಿಯ ಸನ್ನೆ ಮಾಡಿದ್ದಾನೆ, ಅವಳು ತಲೆಯಾಡಿಸಿದ್ದಾಳೆ. ಕಿವುಡರ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವಂತೆ, ಸನ್ನೆಯ ಸಂಭಾಷಣೆಯಲ್ಲಿ ತಲೆಯಾಡಿಸುವುದೆಂದರೆ ನೀನು ಹೇಳುತ್ತಿರುವುದನ್ನು ನೋಡುತ್ತಿದ್ದೇನೆ, ಮುಂದೆ ಹೇಳು ಎಂದಷ್ಟೇ ಇರಬಹುದು. ಅಷ್ಟು ಜನ ಹಿರಿಯರು ತನ್ನನ್ನೇ ನೋಡುತ್ತಿರುವಾಗ ಅರ್ಥವಾಗದಿದ್ದರೂ ತಲೆಯಾಡಿಸಿಬಿಡುವುದು ಶಾಲೆಯ ದಿನಗಳಿಂದಲೇ ಬೆಳೆದ ಅಭ್ಯಾಸ. ಮಾವನ ಮದುವೆ ಗೊತ್ತಾಗಿದೆ ಎಂದು ಅವಳು ತಿಳಿದುಕೊಂಡಿದ್ದಳು. ಹೆಣ್ಣು ತಾನೇ ಎಂದು ತಿಳಿದದ್ದು ಅತ್ತಿಗೆ ಸೀರೆ ತೋರಿಸಿದಾಗ.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಅವಳ ಮೇಲೆ ಕೈಮಾಡಿದವರಲ್ಲ. ಆದರೆ ಮನೆಯೊಳಗೆ ಬಳಕೆಯಲ್ಲಿರುವುದು ಊಟ, ನೀರು, ಬಾ, ಹೋಗು, ದುಡ್ಡು, ಜ್ವರ ಎಂಬಂಥ ಬೆರಳೆಣಿಕೆಯ ಸನ್ನೆಗಳು ಮಾತ್ರ. ವಸತಿಶಾಲೆಯಲ್ಲಿ ಸಂಜ್ಞಾ ಭಾಷೆಯಲ್ಲಿ ಜಗಳ, ಗಾಸಿಪ್, ತಮಾಷೆ ಎಲ್ಲವನ್ನೂ ಮಾಡುತ್ತಿದ್ದ ಹುಡುಗಿ ಮನೆಗೆ ಬಂದರೆ ಈ ಸನ್ನೆಗಳಲ್ಲೇ ಬದುಕಬೇಕು. ಆಕೆಗೆ ಮನಬಿಚ್ಚಿ ಮಾತನಾಡಲು ಉಳಿದಿರುವ ದಾರಿ ಮೊಬೈಲಿನ ವಿಡಿಯೊ ಕರೆಯೊಂದೇ, ಮತ್ತು ಆ ದಾರಿಯ ಬಾಗಿಲು ಮನೆಯವರ ಕೈಯಲ್ಲಿದೆ. ಕೇಳಿಸಿಕೊಳ್ಳುವ ಹುಡುಗಿ ಕತ್ತಲಲ್ಲಿ, ಹೊದಿಕೆಯೊಳಗೆ, ಪಿಸುಮಾತಿನಲ್ಲಿ ಸ್ನೇಹಿತನೊಡನೆ ಮಾತನಾಡಬಲ್ಲಳು. ಸಂಜ್ಞೆಯಲ್ಲಿ ಮಾತನಾಡುವವಳಿಗೆ ದೀಪ ಉರಿಯಬೇಕು, ಫೋನನ್ನು ಎಲ್ಲಿಗಾದರೂ ಆನಿಸಿ ನಿಲ್ಲಿಸಬೇಕು, ಎರಡು ಕೈಯೂ ಮುಖವೂ ಕ್ಯಾಮೆರಾಕ್ಕೆ ಕಾಣಬೇಕು. ಹಾಗಾಗಿ ಮನೆಯವರಿಗೂ ಕಾಣುತ್ತದೆ. "ಹತ್ತು ಗಂಟೆಗೆ ಲೈಟ್ ಆರಿಸು, ಮಗು ಮಲಗಿದೆ" ಎಂಬ ಸಾದಾ ಮಾತೇ ಅವಳ ಮಟ್ಟಿಗೆ ಸ್ನೇಹದ ಬಾಯಿಮುಚ್ಚಿಸುತ್ತದೆ. ಈ ಪ್ರಕರಣದಲ್ಲಿ ರೀಚಾರ್ಜ್ ಮಾಡಿಸುತ್ತಿದ್ದವನೂ ಅಣ್ಣನೇ. ಸ್ನೇಹದ ವಿಷಯ ತಿಳಿದ ಮೇಲೆ ಅವನು ಬೈಯಲಿಲ್ಲ. ಪ್ಯಾಕ್ ಮುಗಿದಾಗ ಮತ್ತೆ ಹಾಕಿಸುವುದನ್ನು ಮರೆತ. ಸಂಬಳ ಜಮೆಯಾಗುವ ಖಾತೆಯ ಎಟಿಎಂ ಕಾರ್ಡು ಅವನ ಬಳಿ ಇದ್ದುದರಿಂದ ಅವಳೇ ಹಾಕಿಸಿಕೊಳ್ಳುವಂತೆಯೂ ಇರಲಿಲ್ಲ.

ಇನ್ನು ತಾಯಿಯ ಪ್ರಶ್ನೆಗೆ ಬರೋಣ. ಹುಟ್ಟುಕಿವುಡಿಗೆ ಅನೇಕ ಕಾರಣಗಳಿವೆ. ವಂಶವಾಹಿ ಕಾರಣಗಳಲ್ಲಿ ಸಾಮಾನ್ಯವಾದದ್ದು ಕನೆಕ್ಸಿನ್-26 ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬರುವ ಇದರ ಎರಡು ಪ್ರತಿಗಳೂ ದೋಷಪೂರಿತವಾಗಿದ್ದರೆ ಮಾತ್ರ ಸಾಮಾನ್ಯವಾಗಿ ಕಿವಿ ಕೇಳುವುದಿಲ್ಲ. ಒಂದೇ ಪ್ರತಿ ದೋಷಪೂರಿತವಾಗಿದ್ದವರಿಗೆ ಚೆನ್ನಾಗಿಯೇ ಕೇಳುತ್ತದೆ, ಆದರೆ ಅವರು ಅದನ್ನು ಮಕ್ಕಳಿಗೆ ದಾಟಿಸಬಲ್ಲ ವಾಹಕರು. ಯುವತಿಯ ಒಪ್ಪಿಗೆ ಪಡೆದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅವಳ ಎರಡೂ ಪ್ರತಿಗಳಲ್ಲಿ ದೋಷ ಕಂಡಿತು. ಹೀಗಿರುವಾಗ ಅವಳ ತಾಯಿ ಖಂಡಿತವಾಗಿ ವಾಹಕಿ. ತಾಯಿಗೆ ಅದು ಬಂದದ್ದು ಅಜ್ಜನಿಂದಲೋ ಅಜ್ಜಿಯಿಂದಲೋ ಆಗಿರುವುದರಿಂದ, ಅವರದೇ ಮಗನಾದ ಸೋದರಮಾವನೂ ವಾಹಕನಾಗಿರುವ ಸಾಧ್ಯತೆ ಎರಡರಲ್ಲಿ ಒಂದು. ಅವನು ವಾಹಕನಾಗಿದ್ದರೆ ಪ್ರತಿ ಮಗುವಿಗೂ ಕಿವುಡು ಬರುವ ಸಾಧ್ಯತೆ ಮತ್ತೆ ಎರಡರಲ್ಲಿ ಒಂದು. ಅಂದರೆ ಅವನ ಪರೀಕ್ಷೆ ಆಗುವವರೆಗೆ, ಮನೆಯವರು "ಎಲ್ಲಾ ಸರಿಯಿದೆ" ಎಂದುಕೊಂಡ ಸಂಬಂಧದಲ್ಲಿ ಹುಟ್ಟುವ ಮಗುವಿಗೆ ನಾಲ್ಕರಲ್ಲಿ ಒಂದು ಪಾಲಿನ ಸಂಭವವಿದೆ.

ಸ್ನೇಹಿತನ ಲೆಕ್ಕ ಬೇರೆ. ಮೆದುಳುಜ್ವರದಿಂದ ಬಂದ ಕಿವುಡು ಮಕ್ಕಳಿಗೆ ದಾಟುವುದಿಲ್ಲ. ಈ ಜೀನ್‌ನ ಮಟ್ಟಿಗೆ ಅವನು ಊರಿನ ಯಾವುದೇ ಕೇಳುವ ಗಂಡಸಿನಂತೆಯೇ. ಅವನು ವಾಹಕನಾಗಿರುವ ಸಾಧ್ಯತೆ ಇಲ್ಲವೆಂದಲ್ಲ, ಆದರೆ ಅದು ಸೋದರಮಾವನದಕ್ಕಿಂತ ಬಹಳ ಕಡಿಮೆ, ಮತ್ತು ಪರೀಕ್ಷೆಯಿಂದ ತಿಳಿಯಬಹುದಾದದ್ದು. ಅವನದೂ ಇದೇ ಜೀನ್‌ನ ಹುಟ್ಟುಕಿವುಡಾಗಿದ್ದರೆ ಮಕ್ಕಳಲ್ಲಿ ಯಾರಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದನ್ನೂ ನಾನು ಮುಚ್ಚಿಡಲಿಲ್ಲ. ಇಬ್ಬರ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆ, ಒಂದೇ ಥರ ಕಂಡರೂ ಕಾರಣ ಒಂದೇ ಆಗಿರಬೇಕಿಲ್ಲ. ಆಡಿಯೋಗ್ರಾಂ ನೋಡಿ ಮಕ್ಕಳ ಭವಿಷ್ಯ ಹೇಳುವವರನ್ನು ನಂಬಬೇಡಿ. ಪರೀಕ್ಷೆಗೂ ಮಿತಿಯಿದೆ: ಈ ಒಂದು ಜೀನ್ ಸರಿಯಿದೆ ಎಂದ ಮಾತ್ರಕ್ಕೆ ಬೇರೆ ಜೀನ್‌ಗಳ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ಈ ಅಂಕಿಗಳಿಂದ ಮದುವೆ ತೀರ್ಮಾನವಾಗಬೇಕೆಂದು ನಾನು ಹೇಳುತ್ತಿಲ್ಲ. ಯುವತಿಗೂ ಸ್ನೇಹಿತನಿಗೂ ಕಿವಿ ಕೇಳದ ಮಗು ಹುಟ್ಟಿದರೂ, ಹುಟ್ಟಿದ ದಿನದಿಂದಲೇ ಅದರೊಡನೆ ಸರಾಗವಾಗಿ ಸಂಜ್ಞೆಯಲ್ಲಿ ಮಾತನಾಡುವ ತಂದೆತಾಯಿ ಅದಕ್ಕಿರುತ್ತಾರೆ. ಈ ಯುವತಿಗೆ ಬಾಲ್ಯದಲ್ಲಿ ದಕ್ಕದೇ ಹೋದದ್ದು ಅದೇ. ಅಂಕಿಗಳನ್ನು ಹೇಳಿದ್ದಕ್ಕೆ ಕಾರಣ, ಮಕ್ಕಳ ನೆಪ ಒಮ್ಮೆ ಬದಿಗೆ ಸರಿದರೆ ಮನೆಯವರ ನಿಜವಾದ ಕಾಳಜಿ ಹೊರಬರುತ್ತದೆ ಎಂಬುದು. ಹಾಗೆಯೇ ಆಯಿತು. ತಾಯಿಯ ಮುಂದಿನ ಮಾತು, "ತಮ್ಮ ಆದ್ರೆ ಹೊಡೆಯಲ್ಲ ಮೇಡಂ, ಬಿಟ್ಟು ಹೋಗಲ್ಲ." ಈ ಭಯ ತಳ್ಳಿಹಾಕುವಂಥದ್ದಲ್ಲ. ಆದರೆ ಆ ತಮ್ಮನನ್ನು ಬೇರೆ ದಿನ ಕರೆಸಿ ಒಬ್ಬನೇ ಕೂರಿಸಿ ಮಾತನಾಡಿದಾಗ, ಅವನನ್ನೂ ಯಾರೂ ಸರಿಯಾಗಿ ಕೇಳಿರಲಿಲ್ಲವೆಂಬುದು ತಿಳಿಯಿತು. ಅಕ್ಕನ ಮಾತು ತೆಗೆದುಹಾಕಲಾರದೆ ಸುಮ್ಮನಿದ್ದೇನೆ ಎಂದ.

ಒಪ್ಪಿಗೆ ಕೇಳುವುದಕ್ಕೆ ಒಂದು ಕ್ರಮವಿದೆ. ಸಂಜ್ಞಾ ಭಾಷೆ ಬಲ್ಲ ಅನುವಾದಕರು ಎರಡೂ ಮನೆಗಳಿಗೆ ಸಂಬಂಧಪಡದವರಾಗಿರಬೇಕು. ಅಂಥವರು ಹತ್ತಿರದಲ್ಲಿ ಇಲ್ಲದಿದ್ದರೆ ಕಿವುಡ ಮಕ್ಕಳ ಶಾಲೆಯ ಶಿಕ್ಷಕರ ನೆರವು ಪಡೆಯಬಹುದು, ವಿಡಿಯೊ ಕರೆಯ ಮೂಲಕವೂ ಆದೀತು. ಕುಟುಂಬದವರು ಆ ಹೊತ್ತು ಹೊರಗಿರಬೇಕು. ಹೌದು-ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆಗಳನ್ನು ಕೇಳಲೇಬಾರದು. ಮದುವೆಯಾದ ಮೇಲೆ ಯಾವ ಮನೆಯಲ್ಲಿರುತ್ತೀಯ, ಕೆಲಸಕ್ಕೆ ಹೋಗುತ್ತೀಯೋ ಬಿಡುತ್ತೀಯೋ, ನಿನ್ನ ಸಂಬಳ ಯಾರ ಕೈಗೆ ಹೋಗುತ್ತದೆ, ಗಂಡನ ಮೇಲೆ ಸಿಟ್ಟು ಬಂದರೆ ಯಾರಿಗೆ ಹೇಳುತ್ತೀಯ ಎಂಬಂಥ, ವಿವರಿಸಿ ಉತ್ತರಿಸಬೇಕಾದ ಪ್ರಶ್ನೆಗಳೇ ಬೇಕು. ಕೆಲವು ದಿನ ಬಿಟ್ಟು ಅವನ್ನೇ ಮತ್ತೆ ಕೇಳಿ, ಉತ್ತರಗಳು ಹೊಂದುತ್ತವೆಯೇ ನೋಡಬೇಕು. ಯುವತಿ ಸ್ನೇಹಿತನ ವಿಷಯದಲ್ಲಿ ಎರಡೂ ಸಲ ತಡೆಯಿಲ್ಲದೆ ಉತ್ತರಿಸಿದಳು: ಅವನ ಸಂಬಳವೆಷ್ಟು, ಬಾಡಿಗೆ ಎಷ್ಟಾದೀತು, ರಾತ್ರಿ ಮಗು ಅತ್ತರೆ ದಿಂಬಿನಡಿ ಅದುರುವ ಅಲಾರಂ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಸೋದರಮಾವನ ವಿಷಯದಲ್ಲಿ ಅವಳ ಉತ್ತರ ಎರಡೂ ಸಲ ಒಂದೇ: "ಅಮ್ಮನನ್ನು ಕೇಳಿ."

ಅಣ್ಣ ಕಾನೂನಿನ ಮಾತೆತ್ತಿದ. ತಾನು ಅವಳ ಪೋಷಕ, ತನ್ನ ಸಹಿ ಬೇಕಾಗುತ್ತದೆ ಎಂಬುದು ಅವನ ನಂಬಿಕೆ. ಅದು ನಿಜವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 13ನೇ ಕಲಮು ಅಂಗವಿಕಲರಿಗೆ ಇತರರಷ್ಟೇ ಕಾನೂನುಬದ್ಧ ಸಾಮರ್ಥ್ಯವಿದೆ ಎನ್ನುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಪೋಷಕರನ್ನು ನೇಮಿಸುವ ಅವಕಾಶ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಸಂಬಂಧಿಸಿದ್ದು; ಕಿವಿ ಕೇಳದ ಕಾರಣಕ್ಕಷ್ಟೇ ವಯಸ್ಕರಿಗೆ ಅದು ಅನ್ವಯಿಸದು. 1955ರ ಹಿಂದೂ ವಿವಾಹ ಕಾಯಿದೆಯ ಷರತ್ತುಗಳಲ್ಲೂ ಕಿವುಡುತನದ ಪ್ರಸ್ತಾಪವಿಲ್ಲ. ಒಪ್ಪಿಗೆಯನ್ನು ಬಲವಂತದಿಂದಲೋ ವಂಚನೆಯಿಂದಲೋ ಪಡೆದಿದ್ದರೆ ಅದೇ ಕಾಯಿದೆಯ 12ನೇ ಕಲಮಿನಡಿ ಮದುವೆಯನ್ನು ರದ್ದುಪಡಿಸಲು ಕೋರಬಹುದು, ಆದರೆ ಬಲವಂತ ನಿಂತ ಅಥವಾ ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿರಬೇಕು. ನಡುಮನೆಯ ಆ ತಲೆಯಾಡಿಸುವಿಕೆಯ ಆಧಾರದ ಮೇಲೆ ತಾಳಿ ಕಟ್ಟಿದ್ದರೆ ಮುಂದೆ ಏನಾಗಬಹುದಿತ್ತೆಂದು ಇದನ್ನು ಓದಿ ಹೇಳಿದ ಮೇಲೆ ಅಣ್ಣ ವಾದ ಬಿಟ್ಟ.

ಎಟಿಎಂ ಕಾರ್ಡು ಈಗ ಅವಳ ಕೈಯಲ್ಲಿದೆ, ರೀಚಾರ್ಜ್ ಅವಳೇ ಮಾಡಿಸಿಕೊಳ್ಳುತ್ತಾಳೆ. ಸೋದರಮಾವನ ಮಾತು ನಿಂತಿದೆ. ಆದರೆ ಸ್ನೇಹಿತನ ಮನೆಯವರು ಈ ಸಂಬಂಧಕ್ಕೆ ಒಪ್ಪಿಲ್ಲ, ಅವರು ಕೇಳುವ ಹುಡುಗಿಯನ್ನೇ ಹುಡುಕುತ್ತಿದ್ದಾರೆ. ಬಡವರ ಮನೆಯ, ಅಪ್ಪನಿಲ್ಲದ, ಹೆಚ್ಚು ಕೇಳದೆ ಒಪ್ಪಿಕೊಳ್ಳುವ ಹುಡುಗಿಯಾದರೂ ಸರಿ, ಫೋನ್ ಎತ್ತಿ ಮಾತನಾಡಬೇಕು, ಬಾಗಿಲು ಬಡಿದರೆ ತೆಗೆಯಬೇಕು ಎಂಬುದು ಅವರ ಬೇಡಿಕೆ. ಇಂಥ ಮದುವೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಂಡನಿಗೆ ಕಿವಿಯಾಗಲೆಂದು ಬಂದ ಹುಡುಗಿಯನ್ನೂ ಯಾರೂ ಏನೂ ಕೇಳಿರುವುದಿಲ್ಲ, ಅವಳಿಗೆ ಅವನ ಭಾಷೆಯನ್ನು ಯಾರೂ ಕಲಿಸಿರುವುದೂ ಇಲ್ಲ. ಮುಂದಿನ ಸಲ ಎರಡೂ ಮನೆಯ ತಾಯಂದಿರನ್ನು ಒಟ್ಟಿಗೆ ಬರಹೇಳಿದ್ದೇನೆ. ಅಂದು ಯುವತಿಯೂ ಸ್ನೇಹಿತನೂ ಅನುವಾದಕಿಯ ಮೂಲಕ ಬಾಡಿಗೆ, ಸಂಬಳ ಮತ್ತು ಮಗುವಿನ ಬಗ್ಗೆ ತಾವು ಹಾಕಿರುವ ಲೆಕ್ಕವನ್ನು ತಾವೇ ಹೇಳುತ್ತಾರೆ. ತಾಯಂದಿರು ಪ್ರಶ್ನೆಗಳನ್ನು ನನ್ನನ್ನಲ್ಲ, ಅವರನ್ನೇ ಕೇಳಬೇಕು.